ಪೇಟೆ ಸಂಚಾರ (ಬೆಂಗಳೂರು)

ಬೆಂಗಳೂರು ಕೋಟೆಯ ಉತ್ತರಕ್ಕೆ ಹಬ್ಬಿರುವ ಹಳೆಯ ವ್ಯಾಪಾರಿ ವಲಯವನ್ನು ಪೇಟೆ ಎನ್ನುತ್ತಾರೆ. ಇಲ್ಲಿನ ವಾಹನ ದಟ್ಟಣೆಗೆ ಬೀದಿಗಳ ಕಿರಿದಾದ ಅಗಲವನ್ನೇ ಕಾರಣವಾಗಿ ಹೇಳುವುದು ರೂಢಿ. ಅಗಲದಷ್ಟೇ ಮುಖ್ಯವಾದ ಕಾರಣ ಇನ್ನೊಂದಿದೆ: ಇಲ್ಲಿ ಬೀದಿ ಓಡಾಟದ ದಾರಿಯೂ ಹೌದು, ಸರಕು ಇಳಿಸಿ ಏರಿಸುವ ಅಂಗಳವೂ ಹೌದು.

ರಚನೆ

ಒಂದನೇ ಕೆಂಪೇಗೌಡ 1537ರ ಸುಮಾರಿಗೆ ಪೇಟೆಯನ್ನು ಕಟ್ಟಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. ಉತ್ತರ ದಕ್ಷಿಣವಾಗಿ ದೊಡ್ಡಪೇಟೆ (ಇಂದಿನ ಅವೆನ್ಯೂ ರಸ್ತೆ), ಪೂರ್ವ ಪಶ್ಚಿಮವಾಗಿ ಚಿಕ್ಕಪೇಟೆ. ಈ ಎರಡು ಬೀದಿಗಳು ಕೂಡುವ ಚೌಕವೇ ಊರಿನ ನಡು. ಸುತ್ತಲೂ ಕಸುಬಿಗೊಂದರಂತೆ ಪೇಟೆಗಳು ಬೆಳೆದವು. ಧಾನ್ಯಕ್ಕೆ ತರಗುಪೇಟೆ, ಹತ್ತಿಗೆ ಅರಳೆಪೇಟೆ, ಗಾಣಿಗರಿಗೆ ಗಾಣಿಗರಪೇಟೆ. ಒಂದೇ ಬಗೆಯ ಅಂಗಡಿಗಳು ಒತ್ತಾಗಿ ನಿಂತದ್ದರಿಂದ ಸಗಟು ಕೊಳ್ಳುವವರು ಇಂದಿಗೂ ಇಲ್ಲಿಗೇ ಬರುತ್ತಾರೆ.

19ನೇ ಶತಮಾನದ ಕೊನೆಯಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿ ಮತ್ತು 1948ರಲ್ಲಿ ಆರಂಭವಾದ ಜಯನಗರ ಬೇರೆ ಲೆಕ್ಕಾಚಾರದವು. ಅಲ್ಲಿ ಮೇನ್ ರಸ್ತೆಗಳೂ ಕ್ರಾಸ್ ರಸ್ತೆಗಳೂ ಒಂದನ್ನೊಂದು ಕತ್ತರಿಸುತ್ತವೆ. ಒಂದು ರಸ್ತೆ ಕಟ್ಟಿಕೊಂಡರೆ ಪಕ್ಕದ ರಸ್ತೆಯಿದೆ. ಆದರೆ ಮನೆಗಳೆಲ್ಲ ಅಂಗಡಿಗಳಾದ ಕಡೆ ಈ ಬಡಾವಣೆಗಳಲ್ಲೂ ಪೇಟೆಯ ಲಕ್ಷಣಗಳು ಕಾಣಿಸಿಕೊಳ್ಳುತ್ತಿವೆ.

ದಟ್ಟಣೆ ಹುಟ್ಟುವ ಬಗೆ

ಏಳು ಮೀಟರ್ ಅಗಲದ ಒಂದು ಬೀದಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಒಂದು ಬದಿಯಲ್ಲಿ ಅಡ್ಡಲಾಗಿ ನಿಲ್ಲಿಸಿದ ದ್ವಿಚಕ್ರ ವಾಹನಗಳಿಗೆ ಎರಡು ಮೀಟರ್ ಹೋಗುತ್ತದೆ. ಅಂಗಡಿಯಿಂದ ಹೊರಚಾಚಿದ ಸರಕಿಗೂ ಅದನ್ನು ಸುತ್ತಿ ನಡೆಯುವವರಿಗೂ ಇನ್ನೊಂದು ಮೀಟರ್. ಉಳಿಯುವುದು ನಾಲ್ಕು. ಅಷ್ಟರಲ್ಲಿ ಲಗೇಜ್ ಆಟೋ ಒಂದು ನಿಂತು, ಹಮಾಲರು ಬಂಡಲ್‌ಗಳನ್ನು ಇಳಿಸತೊಡಗಿದರೆ ಅವರ ಓಡಾಟವೂ ಸೇರಿ ಎರಡು ಮೀಟರ್ ಬೇಕು. ಮಿಕ್ಕ ಎರಡು ಮೀಟರಿನಲ್ಲಿ ಒಂದು ಕಾರು ಹೇಗೋ ನುಸುಳೀತು. ಎದುರಿನಿಂದ ಇನ್ನೊಂದು ಬಂದರೆ ಎರಡೂ ನಿಲ್ಲುತ್ತವೆ. ಇಳಿಸುವ ಕೆಲಸ ಹತ್ತು ನಿಮಿಷದ್ದಾದರೂ ಅಷ್ಟರಲ್ಲಿ ಬೆಳೆದ ಸಾಲು ಹಿಂದಿನ ಕೂಡುರಸ್ತೆಯನ್ನು ಮುಚ್ಚಿದರೆ, ಆಟೋ ಹೊರಟ ಮೇಲೂ ತಡೆ ಕರಗಲು ಬಹಳ ಹೊತ್ತು ಹಿಡಿಯುತ್ತದೆ.

ಎಲ್ಲ ದಟ್ಟಣೆಯೂ ಒಂದೇ ಬಗೆಯದಲ್ಲ. ಪೇಟೆಯನ್ನು ಬರಿದೇ ದಾಟಿ ಹೋಗುವ ವಾಹನಗಳು ಒಂದು ವರ್ಗ, ಪೇಟೆಗೆಂದೇ ಬಂದು ನಿಲ್ಲುವವು ಇನ್ನೊಂದು. ಇವನ್ನು ಬೇರ್ಪಡಿಸಲು ಯೋಜಕರು ಒಳಬರುವ ಮತ್ತು ಹೊರಹೋಗುವ ದಾರಿಗಳಲ್ಲಿ ವಾಹನಗಳ ನೋಂದಣಿ ಸಂಖ್ಯೆಯನ್ನು ವೇಳೆಯೊಡನೆ ಬರೆದಿಟ್ಟು ತಾಳೆ ನೋಡುತ್ತಾರೆ. ಕೆಲವೇ ನಿಮಿಷಗಳಲ್ಲಿ ಇನ್ನೊಂದು ತುದಿಯಿಂದ ಹೊರಬಿದ್ದ ವಾಹನ ದಾಟಿಹೋಗುವಂಥದ್ದು; ಗಂಟೆಗಟ್ಟಲೆ ಹೊರಬರದಿದ್ದರೆ ಅದರ ಕೆಲಸ ಪೇಟೆಯೊಳಗೇ ಇದೆ. ಎರಡಕ್ಕೂ ಮದ್ದು ಬೇರೆ ಬೇರೆ.

ಪರಿಹಾರ ಕ್ರಮಗಳು

*ಏಕಮುಖ ಸಂಚಾರ.* ಇದರ ಲಾಭ ಕೂಡುರಸ್ತೆಯಲ್ಲಿ ಕಾಣುತ್ತದೆ. ಎರಡು ದ್ವಿಮುಖ ರಸ್ತೆಗಳು ಕೂಡುವಲ್ಲಿ ವಾಹನಗಳ ದಾರಿಗಳು ಕತ್ತರಿಸುವ, ಸೇರುವ, ಕವಲೊಡೆಯುವ ಬಿಂದುಗಳು ಒಟ್ಟು 32. ಎರಡೂ ಒಂದೊಂದೇ ಪಥದ ಏಕಮುಖ ರಸ್ತೆಗಳಾದರೆ 5. ತೊಡಕೆಂದರೆ ಸುತ್ತು ಬಳಸಬೇಕಾದ ದೂರ ಹೆಚ್ಚುತ್ತದೆ. ವೇಗ ಹೆಚ್ಚಿ, ನಡೆದು ದಾಟುವವರಿಗೆ ಅಪಾಯವೂ ಬೆಳೆಯಬಹುದು.

*ಮೇಲ್ಸೇತುವೆ.* ಪುರಭವನದ ಕಡೆಯಿಂದ ಸಿರ್ಸಿ ವೃತ್ತದತ್ತ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೇಲೆ ಹಾಯುವ ಸೇತುವೆ 1999ರಲ್ಲಿ ತೆರೆಯಿತು. ದಾಟಿಹೋಗುವ ವಾಹನಗಳಿಗೆ ಇದು ನೆರವಾಯಿತು. ಕೆಳಗಿನ ದಟ್ಟಣೆ ತೀರಲಿಲ್ಲ, ಏಕೆಂದರೆ ಅಲ್ಲಿ ನಿಂತಿರುವವರು ಮಾರುಕಟ್ಟೆಗೇ ಬಂದವರು.

*ರಸ್ತೆ ಅಗಲೀಕರಣ.* ಅವೆನ್ಯೂ ರಸ್ತೆಯನ್ನು ಅಗಲಗೊಳಿಸುವ ಪ್ರಸ್ತಾವವನ್ನು ವ್ಯಾಪಾರಿಗಳು ವಿರೋಧಿಸಿದರು. ಅಂಗಡಿಯ ಮುಂಭಾಗ ಹೋದರೆ ಎಷ್ಟೋ ಮಳಿಗೆಗಳಲ್ಲಿ ಉಳಿಯುವುದೇ ಅಲ್ಪ. ನಿಲುಗಡೆಯನ್ನು ಹತೋಟಿಗೆ ತರದಿದ್ದರೆ, ಹೊಸದಾಗಿ ದಕ್ಕಿದ ಅಗಲವೂ ನಿಂತ ವಾಹನಗಳ ಪಾಲಾಗುವ ಸಂಭವ ಹೆಚ್ಚು.

*ಮೆಟ್ರೊ.* ಹಸಿರು ಮಾರ್ಗದ ಚಿಕ್ಕಪೇಟೆ ಸುರಂಗ ನಿಲ್ದಾಣ 2017ರ ಜೂನ್‌ನಲ್ಲಿ ಬಳಕೆಗೆ ಬಂದಿತು. ಕೊಳ್ಳಲು ಬರುವವರಿಗೆ ಇದು ಒಳ್ಳೆಯ ದಾರಿ; ಸಗಟು ಮೂಟೆಗಳಿಗೆ ಲಗೇಜ್ ಆಟೋವೇ ಗತಿ.

*ಸರಕಿನ ವೇಳಾಪಟ್ಟಿ.* ಭಾರಿ ಸರಕು ವಾಹನಗಳನ್ನು ಹಗಲಿನ ದಟ್ಟಣೆಯ ವೇಳೆ ಹೊರಗಿಡುವ ಕ್ರಮ ಪರಿಚಿತ. ಅದಕ್ಕೆ ಎರಡು ಮಿತಿಗಳಿವೆ. ಒಂದೇ ಲಾರಿಯ ಹೊರೆ ಹಲವು ಚಿಕ್ಕ ವಾಹನಗಳಿಗೆ ಹಂಚಿಹೋಗಿ ಬೀದಿಯಲ್ಲಿ ನಿಲ್ಲುವ ವಾಹನಗಳ ಸಂಖ್ಯೆಯೇ ಹೆಚ್ಚಬಹುದು; ಬೆಳಗಿನ ಜಾವ ಇಳಿಸಬೇಕೆಂದರೆ ಅಂಗಡಿ ತೆರೆಯುವವರೂ ಹಮಾಲರೂ ಆಗ ಸಿಗಬೇಕು. ಪೇಟೆಯ ಅಂಚಿನಲ್ಲಿ ಇಳಿದಾಣ ಮಾಡಿ, ಅಲ್ಲಿಂದ ತಳ್ಳುಗಾಡಿಯಲ್ಲಿ ಸಾಗಿಸುವುದು ಇದಕ್ಕೆ ಪೂರಕವಾದ ಏರ್ಪಾಡು.

ಮೌಲ್ಯಮಾಪನ

ಬಡಾವಣೆಗಾಗಿ ರೂಪಿಸಿದ ಪರಿಹಾರಗಳು ವಾಹನಗಳನ್ನು ಬೇಗ ಸಾಗಿಸುವ ಗುರಿಯವು. ಪೇಟೆಯಲ್ಲಿ ಅವು ದಾಟಿಹೋಗುವವರಿಗಷ್ಟೇ ಉಪಯುಕ್ತ. ಸರಕು ಎಲ್ಲಿ, ಯಾವಾಗ, ಎಷ್ಟು ಹೊತ್ತು ಇಳಿಯಬೇಕೆಂಬುದನ್ನು ವ್ಯಾಪಾರಿಗಳು ಮತ್ತು ಹಮಾಲರೊಡನೆ ಕೂತು ನಿಗದಿಪಡಿಸದ ಯಾವ ಯೋಜನೆಯೂ ಇಲ್ಲಿ ಬಹುಕಾಲ ಫಲ ಕೊಡುವುದು ಕಷ್ಟ.