ಕುಬರ್ನೆಟೀಸ್: ಹಂಚಿಕೆ ಮತ್ತು ದುರಸ್ತಿ

ಕುಬರ್ನೆಟೀಸ್ ಹಲವು ಯಂತ್ರಗಳ ಮೇಲೆ ಕಂಟೇನರ್‌ಗಳನ್ನು ಹಂಚಿ ನಡೆಸುವ ಮುಕ್ತ ತಂತ್ರಾಂಶ. ಗೂಗಲ್ ಸಂಸ್ಥೆಯು ಇದನ್ನು 2014ರಲ್ಲಿ ಬಹಿರಂಗಪಡಿಸಿತು, 1.0 ಆವೃತ್ತಿ 2015ರ ಜುಲೈನಲ್ಲಿ ಹೊರಬಂದಿತು. ಈ ಗ್ರೀಕ್ ಹೆಸರಿನ ಅರ್ಥ ಚುಕ್ಕಾಣಿ ಹಿಡಿಯುವವನು ಎಂದು. ಒಂದೇ ಯಂತ್ರದಲ್ಲಿ ಕಂಟೇನರ್ ನಡೆಸುವವರು ಅದನ್ನು ಎಲ್ಲಿ ಇಡಬೇಕೆಂದು ಯೋಚಿಸಬೇಕಾಗಿಲ್ಲ. ಯಂತ್ರಗಳು ಹಲವಾದಾಗ ಆ ನಿರ್ಧಾರವನ್ನೂ ಯಂತ್ರವೇ ಕೆಟ್ಟಾಗಿನ ದುರಸ್ತಿಯನ್ನೂ ಕುಬರ್ನೆಟೀಸ್ ವಹಿಸಿಕೊಳ್ಳುತ್ತದೆ.

ಹಂಚಿಕೆ

ಕುಬರ್ನೆಟೀಸ್ ಹಂಚುವ ಘಟಕಕ್ಕೆ ಪಾಡ್ ಎಂದು ಹೆಸರು. ಒಂದು ಪಾಡ್‌ನಲ್ಲಿ ಒಂದು ಅಥವಾ ಒಟ್ಟಾಗಿಯೇ ಇರಬೇಕಾದ ಕೆಲವು ಕಂಟೇನರ್‌ಗಳಿರುತ್ತವೆ. ಪಾಡ್ ನಡೆಯುವ ಯಂತ್ರವನ್ನು ನೋಡ್ ಎನ್ನುತ್ತಾರೆ. ಶೆಡ್ಯೂಲರ್ ಎಂಬ ಭಾಗವು ಮೊದಲು ಸ್ಥಳಾವಕಾಶವಿಲ್ಲದ ನೋಡ್‌ಗಳನ್ನು ಕೈಬಿಟ್ಟು, ಉಳಿದವುಗಳಿಗೆ ಅಂಕ ನೀಡಿ, ಹೆಚ್ಚು ಅಂಕ ಪಡೆದುದನ್ನು ಆರಿಸುತ್ತದೆ. ಅದು ಲೆಕ್ಕ ಹಾಕುವುದು ಆ ಕ್ಷಣದ ನಿಜವಾದ ಬಳಕೆಯನ್ನಲ್ಲ, ಪಾಡ್ ಮುಂಗಡವಾಗಿ ಕೋರಿದ (`requests`) ಪ್ರಮಾಣವನ್ನು. ಆದುದರಿಂದ ಯಂತ್ರ ಬಹುಪಾಲು ಬಿಡುವಾಗಿದ್ದರೂ ಕೋರಿಕೆಗಳ ಮೊತ್ತ ತುಂಬಿದ್ದರೆ ಹೊಸ ಪಾಡ್‌ಗೆ ಅಲ್ಲಿ ಜಾಗ ದೊರೆಯುವುದಿಲ್ಲ.

ಎರಡು ಬಗೆಯ ದುರಸ್ತಿ

ಕಂಟೇನರ್ ಮಾತ್ರ ಕುಸಿದರೆ, ಅದೇ ನೋಡ್‌ನಲ್ಲಿರುವ ಕ್ಯೂಬ್‌ಲೆಟ್ ಎಂಬ ಕಾರ್ಯಕ್ರಮ ಅದನ್ನು ಅಲ್ಲಿಯೇ ಮತ್ತೆ ಆರಂಭಿಸುತ್ತದೆ. ಪದೇ ಪದೇ ಕುಸಿದರೆ 10, 20, 40 ಸೆಕೆಂಡುಗಳಂತೆ ಅಂತರ ಇಮ್ಮಡಿಯಾಗುತ್ತಾ 5 ನಿಮಿಷಕ್ಕೆ ನಿಲ್ಲುತ್ತದೆ. ಆಗ ಪರದೆಯಲ್ಲಿ `CrashLoopBackOff` ಎಂದು ಕಾಣುತ್ತದೆ. ಕಾರಣ ಕಾರ್ಯಕ್ರಮದ ದೋಷವಾಗಿದ್ದರೆ ಮರು ಆರಂಭದಿಂದ ಅದು ಸರಿಹೋಗದು.

ನೋಡ್ ಸತ್ತರೆ ಕ್ರಮವೇ ಬೇರೆ. ತಲಾ 3 ಜಿಬಿ ಸ್ಮೃತಿಯನ್ನು ಪಾಡ್‌ಗಳಿಗೆ ಬಿಟ್ಟುಕೊಡಬಲ್ಲ ಮೂರು ನೋಡ್‌ಗಳಿವೆ ಎನ್ನೋಣ. ತಲಾ 1 ಜಿಬಿ ಕೋರುವ ಆರು ಪ್ರತಿಗಳು ಎರಡೆರಡಾಗಿ ಹಂಚಿಹೋಗಿವೆ. ಒಂದು ನೋಡ್‌ನ ವಿದ್ಯುತ್ ನಿಂತರೆ ಅದರ ಕ್ಯೂಬ್‌ಲೆಟ್ ಕಳುಹಿಸುವ ಸಂದೇಶ ನಿಲ್ಲುತ್ತದೆ. ಆವೃತ್ತಿಯನ್ನವಲಂಬಿಸಿ 40–50 ಸೆಕೆಂಡುಗಳ ನಂತರ ಆ ನೋಡ್ `NotReady` ಆಗುತ್ತದೆ. ಅಲ್ಲಿನ ಪ್ರತಿಗಳಿಗೆ ಹೊಸ ಕೋರಿಕೆಗಳನ್ನು ಕಳುಹಿಸುವುದು ನಿಲ್ಲುತ್ತದೆ. ಯಂತ್ರ ಮರಳಬಹುದೆಂದು ಸಾಮಾನ್ಯವಾಗಿ ಇನ್ನೂ 5 ನಿಮಿಷ ಕಾದು, ಎರಡು ಹೊಸ ಪಾಡ್‌ಗಳನ್ನು ಸೃಷ್ಟಿಸಿ, ಉಳಿದ ಎರಡು ನೋಡ್‌ಗಳಲ್ಲಿ ಒಂದೊಂದನ್ನು ಇರಿಸಲಾಗುತ್ತದೆ.

ಪ್ರತಿಗಳು ಎಂಟಾಗಿದ್ದರೆ ಆರಕ್ಕೆ ಮಾತ್ರ ಜಾಗವಿರುತ್ತದೆ. ಎರಡು ಪಾಡ್‌ಗಳು `Pending` ಸ್ಥಿತಿಯಲ್ಲಿಯೇ ಉಳಿಯುತ್ತವೆ. ಕಾರಣವನ್ನು ಹೀಗೆ ತಿಳಿಯಬಹುದು:

```
kubectl get pods -o wide
kubectl describe pod POD_NAME
```

ಎರಡನೆಯ ಆದೇಶದ ಕೊನೆಯಲ್ಲಿ `Insufficient memory` ಎಂಬ ಸಾಲು ಕಾಣಿಸುತ್ತದೆ. ಒಂದು ಯಂತ್ರ ಕೆಟ್ಟರೂ ಕೆಲಸ ನಡೆಯಬೇಕಾದರೆ ಒಂದು ಯಂತ್ರದಷ್ಟು ಜಾಗವನ್ನು ಮೊದಲೇ ಖಾಲಿ ಬಿಟ್ಟಿರಬೇಕು.

ಮಿತಿಗಳು

ಪಾಡ್ ಎಂದೂ ಸ್ಥಳಾಂತರಗೊಳ್ಳುವುದಿಲ್ಲ. ಹಳೆಯದರ ಬದಲು ಹೊಸದು ಹುಟ್ಟುತ್ತದೆ. ಹೀಗಾಗಿ ಕಂಟೇನರ್‌ನೊಳಗೆ ಬರೆದಿಟ್ಟ ದತ್ತಾಂಶ ಹೊಸ ಪಾಡ್‌ಗೆ ಬರುವುದಿಲ್ಲ. ಅದನ್ನು ಪ್ರತ್ಯೇಕ ಸಂಗ್ರಹದಲ್ಲಿ ಇಡಬೇಕು. ಕೆಟ್ಟ ನೋಡ್ ಮರಳಿ ಬಂದರೂ ನಡೆಯುತ್ತಿರುವ ಪಾಡ್‌ಗಳು ತಾವಾಗಿ ಅದಕ್ಕೆ ಹಿಂದಿರುಗುವುದಿಲ್ಲ. ಹೊಸ ಪಾಡ್‌ಗಳು ಬರುವವರೆಗೆ ಅದು ಖಾಲಿಯಾಗಿಯೇ ಇರಬಹುದು.