ಮಹಾವೀರ ಜಯಂತಿ ಕಾರ್ಯಕ್ರಮ: ಆಯವ್ಯಯ ಪಟ್ಟಿ ಮಾಡುವ ವಿಧಾನ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಂತಹ ಊರಿನಲ್ಲಿ ಮಹಾವೀರ ಜಯಂತಿ ಬರುವುದು ಬೇಸಿಗೆಯಲ್ಲಿ. ನೆರಳು, ನೀರು, ಜನರೇಟರ್ ಇವುಗಳ ಖರ್ಚು ತಪ್ಪುವುದಿಲ್ಲ. ಆದ್ದರಿಂದ ಪಟ್ಟಿಯಲ್ಲಿ ಮೊದಲು ಖರ್ಚು ಬರೆಯಬೇಕು, ಆದಾಯ ಆಮೇಲೆ.

300 ಜನರ ಒಂದು ದಿನದ ಕಾರ್ಯಕ್ರಮಕ್ಕೆ ಮಾದರಿ ಲೆಕ್ಕ ಹೀಗಿದೆ. ದರಗಳು ಊರಿಂದ ಊರಿಗೆ ಬದಲಾಗುತ್ತವೆ.

ಶಾಮಿಯಾನ, ಕುರ್ಚಿ: 28,000 ರೂ.
ಮೈಕ್, ಜನರೇಟರ್: 16,000 ರೂ.
ಎಲ್‌ಇಡಿ ಪರದೆ: 14,000 ರೂ.
ಮುದ್ರಣ, ಅತಿಥಿ ಸತ್ಕಾರ: 12,000 ರೂ.
ಊಟ, ನೀರು (ತಲಾ 100ರಂತೆ): 30,000 ರೂ.
ಒಟ್ಟು: 1,00,000 ರೂ.

ಇದಕ್ಕೆ ಶೇ. 10ರಂತೆ 10,000 ರೂ. ಆಕಸ್ಮಿಕ ನಿಧಿ ಸೇರಿಸಿದರೆ 1,10,000 ರೂ. ಬೇಕಾಗುತ್ತದೆ. ಆಕಸ್ಮಿಕ ನಿಧಿ ಎಂದರೆ ಡೀಸೆಲ್ ಹೆಚ್ಚಾದಾಗ, ಇನ್ನೊಂದು ನೀರಿನ ಟ್ಯಾಂಕರ್ ತರಿಸಬೇಕಾದಾಗ ತೆಗೆಯುವ ಹಣ. ಕೊರತೆ ಕಂಡ ಕೂಡಲೇ ಅದಕ್ಕೆ ಕೈ ಹಾಕಬಾರದು.

ಈಗ ಆದಾಯ. ಪ್ರಾಯೋಜಕರು ಮತ್ತು ದಾನಿಗಳು 80,000 ರೂ. ಹೇಳಿದ್ದಾರೆ, ಕೈಗೆ ಬಂದಿರುವುದು 60,000. ಸವಾಲಿನಲ್ಲಿ ಕೂಗಿದ ಮೊತ್ತ ಬೇರೆ, ಜಮಾ ಆದ ಮೊತ್ತ ಬೇರೆ. ಪಟ್ಟಿಗೆ ಹಿಡಿಯಬೇಕಾದ್ದು ಜಮಾ ಆದದ್ದನ್ನು ಮಾತ್ರ. ಸವಾಲಿಗಿಡುವ ಸೇವೆಗಳ ಸಂಖ್ಯೆಯನ್ನೂ ಮೊದಲೇ ಗೊತ್ತುಮಾಡಬೇಕು. ಶ್ರವಣಬೆಳಗೊಳದಲ್ಲಿ 2018ರ ಮಹಾಮಸ್ತಕಾಭಿಷೇಕದ ಮೊದಲ ದಿನಕ್ಕೆ 108 ಕಲಶಗಳೆಂದು ನಿಗದಿಯಾಗಿತ್ತು. ಸಂಖ್ಯೆ ಗೊತ್ತಿದ್ದರೆ ಆದಾಯದ ಅಂದಾಜು ಸಿಗುತ್ತದೆ.

ಸ್ವಯಂಸೇವಕರು, ಆಹ್ವಾನಿತರು 60 ಜನ ಕಳೆದು 240 ಕೂಪನ್‌ಗಳನ್ನು ತಲಾ 150 ರೂ.ನಂತೆ ಮಾರಿದರೆ 36,000 ರೂ. ಬರುತ್ತದೆ. ಕೈಯಲ್ಲಿರುವುದು 60,000, ಕೂಪನ್ 36,000, ಒಟ್ಟು 96,000. ಕೊರತೆ 14,000.

ಕೂಪನ್ ದರ ನೋಡಿ ಮೋಸ ಹೋಗಬಾರದು. 150ರಲ್ಲಿ ಊಟಕ್ಕೇ 100 ಹೋಗುತ್ತದೆ, ಉಳಿಯುವುದು 50 ಮಾತ್ರ. 60 ಕೂಪನ್ ಕಡಿಮೆ ಮಾರಾಟವಾದರೆ 9,000 ರೂ. ತಪ್ಪುತ್ತದೆ. ಅಡುಗೆಯವರಿಗೆ ಮೊದಲೇ ತಿಳಿಸಿದ್ದರೆ ಅದರಲ್ಲಿ 6,000 ಉಳಿಯಬಹುದು, ಸಾಮಾನು ತಂದ ಮೇಲೆ ಏನೂ ಉಳಿಯುವುದಿಲ್ಲ. ನಮ್ಮಲ್ಲಿ ಸೂರ್ಯಾಸ್ತದ ನಂತರ ಬಡಿಸುವಂತಿಲ್ಲವಾದ್ದರಿಂದ ಮಿಕ್ಕ ಅಡುಗೆ ರಾತ್ರಿಗೆ ಒದಗುವುದಿಲ್ಲ. ಆದ್ದರಿಂದ ಕೂಪನ್ ಮಾರಾಟವನ್ನು ಮೂರು ದಿನ ಮೊದಲೇ ಮುಗಿಸಿ, ಅಡುಗೆಯವರಿಗೆ ಆ ಸಂಖ್ಯೆಯನ್ನೇ ಹೇಳಬೇಕು.

14,000 ಕೊರತೆಗೆ ದಾರಿ ಎಲ್‌ಇಡಿ ಪರದೆ. ಅದಿಲ್ಲದೆಯೂ ಕಾರ್ಯಕ್ರಮ ನಡೆಯುತ್ತದೆ, ನೆರಳು ನೀರಿಲ್ಲದೆ ನಡೆಯುವುದಿಲ್ಲ. ಪರದೆ ಬಿಟ್ಟರೆ ಖರ್ಚು 86,000, ಆಕಸ್ಮಿಕ ನಿಧಿ 10,000, ಒಟ್ಟು 96,000ಕ್ಕೆ ಲೆಕ್ಕ ಸರಿಹೋಗುತ್ತದೆ. ಬಾಕಿ 20,000 ಹತ್ತು ದಿನ ಮೊದಲು ಜಮಾ ಆದರೆ ಪರದೆಗೆ ಮುಂಗಡ ಕೊಡಬಹುದು. ಆ ದಿನಾಂಕವನ್ನು ಸಮಿತಿಯ ನಡಾವಳಿಯಲ್ಲಿ ಬರೆದಿಡಬೇಕು. ಇಲ್ಲದಿದ್ದರೆ ಯಾರೋ ಒಬ್ಬರು ಮಾತಿನ ಮೇಲೆ ಆರ್ಡರ್ ಕೊಟ್ಟು, ಕೊನೆಗೆ ಖಜಾಂಚಿ ಕೈಯಿಂದ ಕಟ್ಟಬೇಕಾಗುತ್ತದೆ.

ದಾನಿಗಳು 80ಜಿ ರಿಯಾಯಿತಿ ಕೇಳಿದರೆ, 2,000 ರೂ.ಗಿಂತ ಹೆಚ್ಚಿನ ನಗದು ದಾನಕ್ಕೆ ಅದು ಸಿಗುವುದಿಲ್ಲ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಪಡೆಯಬೇಕು. ಸಂಸ್ಥೆಗೆ 80ಜಿ ನೋಂದಣಿಯೂ ಇರಬೇಕು.