ಕುಕ್ಕರ್ ಹಿಡಿಕೆಯ ಸ್ಕ್ರೂ ಬಿಚ್ಚಲು ಬರುತ್ತಿಲ್ಲವೇ? ಪಾತ್ರೆ ಹಾಳಾಗದಂತೆ ತೆಗೆಯುವುದು ಹೀಗೆ

ಅಲ್ಯೂಮಿನಿಯಂ ಕುಕ್ಕರ್‌ನ ಹಿಡಿಕೆ ಸೀಳಿದರೆ ಹೊಸದು ಪಾತ್ರೆ ಅಂಗಡಿಯಲ್ಲೇ ಸಿಗುತ್ತದೆ. ತೊಂದರೆ ಇರುವುದು ಹಳೆಯದನ್ನು ಬಿಚ್ಚುವುದರಲ್ಲಿ. ವರ್ಷಗಟ್ಟಲೆ ಸಾಂಬಾರ್, ಉಪ್ಪುನೀರು, ಸೋಪಿನ ನೊರೆ ಕುಡಿದ ಸ್ಕ್ರೂ ಜಗ್ಗುವುದಿಲ್ಲ. ನಾಲ್ಕು ಸಲ ಸ್ಕ್ರೂಡ್ರೈವರ್ ಜಾರಿದರೆ ಸ್ಕ್ರೂ ತಲೆಯ ಗುಳಿ ಸವೆದು ಗುಂಡಗಾಗುತ್ತದೆ. ಆಮೇಲೆ ಸಿಟ್ಟಿನಲ್ಲಿ ಸುತ್ತಿಗೆ ಎತ್ತಿದರೆ ಹೋಗುವುದು ಸ್ಕ್ರೂ ಅಲ್ಲ, ಕುಕ್ಕರ್.

ಹಾಗಂತ ಅಲುಗಾಡುವ ಹಿಡಿಕೆಯಲ್ಲೇ ದಿನ ದೂಡುವುದೂ ಸರಿಯಲ್ಲ. ಮನೆಯ ಕುಕ್ಕರ್ ಒಳಗೆ ಸಾಮಾನ್ಯವಾಗಿ ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಒತ್ತಡ ಇರುತ್ತದೆ. 20 ಸೆಂ.ಮೀ. ಅಗಲದ ಮುಚ್ಚಳದ ಮೇಲೆ ಒಟ್ಟು ಲೆಕ್ಕ ಹಾಕಿದರೆ ಅದು 300 ಕೆ.ಜಿ. ದಾಟುತ್ತದೆ. ತಿರುಗಿಸಿ ಹಾಕುವ ಹೊರಮುಚ್ಚಳದ ಕುಕ್ಕರ್‌ನಲ್ಲಿ ಮೇಲಿನ ಹಿಡಿಕೆ, ಕೆಳಗಿನ ಹಿಡಿಕೆ ಒಂದರ ಮೇಲೊಂದು ಸರಿಯಾಗಿ ಕೂತಾಗಲೇ ಮುಚ್ಚಳ ಪೂರ್ತಿ ಸಿಕ್ಕಿದೆ ಎಂದು ಗೊತ್ತಾಗುವುದು. ಹಿಡಿಕೆಯೇ ಆಡುತ್ತಿದ್ದರೆ ಆ ಗುರುತೇ ಸುಳ್ಳಾಗುತ್ತದೆ.

ಮೊದಲು ರೋಗ ಯಾವುದು ನೋಡಿ

"ಸ್ಕ್ರೂ ಹೋಗಿದೆ" ಎಂದು ಎಲ್ಲರೂ ಹೇಳುವ ಮಾತಿನಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಸ್ಕ್ರೂಡ್ರೈವರ್ ತಿರುಗುತ್ತದೆ, ಸ್ಕ್ರೂ ನಿಂತಲ್ಲೇ ಇದೆ ಎಂದರೆ ತಲೆ ಸವೆದಿದೆ. ಸ್ಕ್ರೂ ಸುತ್ತುತ್ತದೆ, ಆದರೆ ಹೊರಗೆ ಬರುವುದಿಲ್ಲ ಎಂದರೆ ಒಳಗಿನ ಮರೆ (ಥ್ರೆಡ್) ಸವೆದಿದೆ, ಇಲ್ಲವೇ ಹಿಡಿಕೆಯೊಳಗೆ ಕೂರಿಸಿದ ನಟ್ ಸ್ಕ್ರೂ ಜೊತೆಗೇ ಸುತ್ತುತ್ತಿದೆ. ಎರಡಕ್ಕೂ ಒಂದೇ ಮದ್ದು ನಡೆಯುವುದಿಲ್ಲ.

ಎರಡನೆಯದು ಸ್ವಲ್ಪ ಸುಲಭ. ಹಿಡಿಕೆ ಮತ್ತು ಪಾತ್ರೆಯ ಕ್ಲಾಂಪ್ ನಡುವಿನ ಸಂದಿಗೆ ಅಗಲದ ಮೈನಸ್ ಸ್ಕ್ರೂಡ್ರೈವರ್ ತೂರಿಸಿ, ಹಿಡಿಕೆಯನ್ನು ಹೊರಕ್ಕೆ ಬಿಗಿಯಾಗಿ ಎಳೆದುಕೊಂಡೇ ಸ್ಕ್ರೂವನ್ನು ಎಡಕ್ಕೆ ತಿರುಗಿಸಬೇಕು. ಎಳೆತ ಇದ್ದರೆ ಉಳಿದ ಅರ್ಧಂಬರ್ಧ ಮರೆಗೆ ಸ್ಕ್ರೂ ಕಚ್ಚಿಕೊಂಡು ಮೇಲೆ ಬರುತ್ತದೆ. ನಟ್ ಕಾಣುವಂತಿದ್ದರೆ ಅದನ್ನು ನೋಸ್ ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸಿದರೆ ಸಾಕು. ಹೆಚ್ಚು ಮಂದಿ ಕೈಚೆಲ್ಲುವುದು ಮೊದಲನೆಯದರಲ್ಲಿ. ಆದ್ದರಿಂದ ಅದನ್ನೇ ವಿವರವಾಗಿ ನೋಡೋಣ.

ಸ್ಕ್ರೂ ಯಾಕೆ ಹಿಡಿದುಕೊಳ್ಳುತ್ತದೆ?

ಸ್ಕ್ರೂ ಕಬ್ಬಿಣದ್ದು, ಪಾತ್ರೆ ಅಲ್ಯೂಮಿನಿಯಂ. ಈ ಎರಡು ಲೋಹಗಳ ನಡುವೆ ಉಪ್ಪು, ಹುಳಿ ಬೆರೆತ ನೀರು ನಿಂತರೆ ಅಲ್ಯೂಮಿನಿಯಂ ಬೇಗ ಸವೆದು ಬಿಳಿ ಪುಡಿಯಾಗುತ್ತದೆ. ಈ ಪುಡಿಗೆ ಮೊದಲಿನ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಹಾಗಾಗಿ ಅದು ಮರೆಯ ಸಂದಿಯಲ್ಲಿ ಸಿಮೆಂಟಿನಂತೆ ಬಿಗಿದುಕೊಳ್ಳುತ್ತದೆ. ಕ್ಲಾಂಪ್ ಕೂಡ ಕಬ್ಬಿಣದ್ದಾದರೆ ಬಿಳಿ ಪುಡಿಯ ಬದಲು ಕೆಂಪು ತುಕ್ಕು ಕಾಣುತ್ತದೆ. ಕ್ಲಾಂಪ್‌ಗೆ ಸಣ್ಣ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದರೆ ಅದು ಕಬ್ಬಿಣ.

ಇದು ಗೊತ್ತಿದ್ದರೆ ಬಿಸಿ ಯಾಕೆ ಕೆಲಸ ಮಾಡುತ್ತದೆ ಎಂಬುದೂ ತಿಳಿಯುತ್ತದೆ. ಅದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅಂದರೆ ರಂಧ್ರ ಸ್ಕ್ರೂಗಿಂತ ಹೆಚ್ಚು ಅಗಲವಾಗುತ್ತದೆ. ಕ್ಲಾಂಪ್ ಕಬ್ಬಿಣದ್ದಾದರೆ ಈ ಲಾಭ ಇಲ್ಲ. ಆದರೂ ಬಿಸಿ ತಣ್ಣಗೆ ಆಗುವಾಗ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯಲು ದಾರಿ ಆಗುತ್ತದೆ.

ಬಿಸಿ ಎಂದರೆ ಕುದಿಯುವ ನೀರು ಮಾತ್ರ. ಹಿಡಿಕೆಯ ಬೇಕಲೈಟ್‌ಗೆ ಗ್ಯಾಸ್ ಉರಿ, ಮೇಣದಬತ್ತಿ, ಲೈಟರ್ ತಗುಲಿಸಿದರೆ ಸುಟ್ಟು ಪುಡಿಯಾಗುತ್ತದೆ. ಎಣ್ಣೆ, ಸ್ಪ್ರೇ ಹಾಕಿದ ಮೇಲಂತೂ ಉರಿಯ ಹತ್ತಿರ ಒಯ್ಯಲೇಬೇಡಿ. ತುಕ್ಕು ಕರಗಲಿ ಎಂದು ಟಾಯ್ಲೆಟ್ ಕ್ಲೀನರ್, ಆಸಿಡ್, ಕಾಸ್ಟಿಕ್ ಸೋಡಾ ಹಾಕುವುದೂ ತಪ್ಪು. ಅವು ಸ್ಕ್ರೂಗಿಂತ ಮೊದಲು ಅಲ್ಯೂಮಿನಿಯಂ ಪಾತ್ರೆಯನ್ನೇ ತಿನ್ನುತ್ತವೆ.

ಒಂದು ಕುಕ್ಕರ್, ಹಂತ ಹಂತವಾಗಿ

5 ಲೀಟರ್‌ನ ಹೊರಮುಚ್ಚಳದ ಕುಕ್ಕರ್ ಎಂದುಕೊಳ್ಳಿ. ಪಾತ್ರೆಯ ಉದ್ದ ಹಿಡಿಕೆ ಸೀಳಿದೆ. ಸ್ಕ್ರೂ ತಲೆ ಹಿಡಿಕೆಯ ಗುಳಿಯೊಳಗೆ ಕೂತಿದೆ, ಸ್ಟಾರ್ ಗುರುತು ಅರ್ಧ ಅಳಿಸಿದೆ.

ರಾತ್ರಿ ಪಾತ್ರೆ ತೊಳೆದ ಮೇಲೆ ಮುಚ್ಚಳ, ವಿಸಲ್, ಗ್ಯಾಸ್ಕೆಟ್ ಬೇರೆ ಇಡಿ. ಸೂಜಿ ಅಥವಾ ಪಿನ್ನಿನಿಂದ ಸ್ಕ್ರೂ ತಲೆಯ ಗುಳಿಯಲ್ಲಿರುವ ಕೊಳೆ ಪೂರ್ತಿ ಕೆದಕಿ ತೆಗೆಯಿರಿ. ಎಷ್ಟೋ ಸಲ ಸವೆದಂತೆ ಕಾಣುವ ತಲೆ ಬರೀ ಕೊಳೆ ತುಂಬಿದ್ದು ಇರುತ್ತದೆ. ಆಮೇಲೆ ತುಕ್ಕು ಬಿಡಿಸುವ ಸ್ಪ್ರೇ ಎರಡು ಮೂರು ಹನಿ ಬಿಡಿ. ಹನಿ ಬೀಳಬೇಕಾದದ್ದು ಸ್ಕ್ರೂ ತಲೆಗಲ್ಲ, ಹಿಡಿಕೆ ಮತ್ತು ಕ್ಲಾಂಪ್ ಸೇರುವ ಸಂದಿಗೆ, ಯಾಕೆಂದರೆ ಮರೆ ಇರುವುದು ಅಲ್ಲಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡ. ಅವು ದಪ್ಪ, ಒಳಗೆ ಇಳಿಯುವುದಿಲ್ಲ, ಆಮೇಲೆ ಅಂಟಾಗುತ್ತವೆ.

ಬೆಳಿಗ್ಗೆ ಖಾಲಿ ಪಾತ್ರೆಯನ್ನು ಸಿಂಕ್‌ನಲ್ಲಿಟ್ಟು ಕ್ಲಾಂಪ್ ಮೇಲೆ ಒಂದು ಚೊಂಬು ಕುದಿಯುವ ನೀರನ್ನು ನಿಧಾನಕ್ಕೆ ಸುರಿಯಿರಿ. ದಪ್ಪ ಬಟ್ಟೆಯಲ್ಲಿ ಪಾತ್ರೆ ಹಿಡಿದು, ಬಿಸಿ ಆರುವ ಮೊದಲೇ ತಿರುಗಿಸಬೇಕು. ಸ್ಟಾರ್ ಸ್ಕ್ರೂಗೆ ಹೆಚ್ಚಾಗಿ 2ನೇ ನಂಬರ್ ಸ್ಕ್ರೂಡ್ರೈವರ್ ಸರಿಹೊಂದುತ್ತದೆ. ಟಿವಿ ರಿಮೋಟ್ ಬಿಚ್ಚುವ ಸಣ್ಣದನ್ನು ಹಾಕಿದ್ದರಿಂದಲೇ ಎಷ್ಟೋ ತಲೆಗಳು ಸವೆದಿರುತ್ತವೆ. ಹಳೇ ಸೈಕಲ್ ಟ್ಯೂಬಿನ ಸಣ್ಣ ತುಂಡನ್ನು ಸ್ಕ್ರೂ ತಲೆಯ ಮೇಲಿಟ್ಟು, ಅದರ ಮೇಲೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿತ ಸಿಗುತ್ತದೆ. ಮುಕ್ಕಾಲು ಬಲ ಕೆಳಕ್ಕೆ ಒತ್ತುವುದಕ್ಕೆ, ಕಾಲು ಬಲ ತಿರುಗಿಸುವುದಕ್ಕೆ. ಮೊದಲು ಕೂದಲೆಳೆಯಷ್ಟು ಬಲಕ್ಕೆ ಬಿಗಿ ಮಾಡಿ, "ಟಕ್" ಅಂದರೆ ಎಡಕ್ಕೆ ತಿರುಗಿಸಿ. ಸ್ಕ್ರೂಡ್ರೈವರ್ ಒಮ್ಮೆ ಜಾರಿದರೆ ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ಜಾರಿಸಿದರೆ ಉಳಿದ ಗುರುತೂ ಹೋಗುತ್ತದೆ.

ಇಷ್ಟಕ್ಕೂ ಬರಲಿಲ್ಲ ಎನ್ನೋಣ. ಈಗ ನೆನಪಿಡಬೇಕಾದ ಮಾತು ಒಂದೇ: ಹಿಡಿಕೆ ಹೇಗೂ ಸೀಳಿದೆ, ಬದಲಾಯಿಸುವುದೇ. ಹಾಗಾಗಿ ಸ್ಕ್ರೂ ಉಳಿಸಲು ಹೆಣಗುವ ಬದಲು ಹಿಡಿಕೆಯನ್ನೇ ಒಡೆದು ತೆಗೆಯಿರಿ. ಬೇಕಲೈಟ್ ಗಾಜಿನಂತೆ ಚೂರಾಗುವ ವಸ್ತು, ಆದ್ದರಿಂದ ಕನ್ನಡಕ ಹಾಕಿಕೊಳ್ಳಿ, ಹಿಡಿಕೆಗೆ ಬಟ್ಟೆ ಸುತ್ತಿ. ಇಕ್ಕಳದಿಂದ ಸ್ಕ್ರೂ ತಲೆಯ ಕಡೆಯಿಂದ ಚೂರು ಚೂರಾಗಿ ಮುರಿಯುತ್ತಾ ಬನ್ನಿ. ಸುತ್ತಿಗೆ ಬೇಡ. ಪೆಟ್ಟು ಕ್ಲಾಂಪ್ ಮೂಲಕ ಪಾತ್ರೆಗೆ ಹೋಗುತ್ತದೆ.

ಬೇಕಲೈಟ್ ಉದುರಿದ ಮೇಲೆ ಕ್ಲಾಂಪ್‌ನಿಂದ ಬೆರಳಿನಂತೆ ಹೊರಗೆ ನಿಂತ ಬರೀ ಸ್ಕ್ರೂ ಸಿಗುತ್ತದೆ. ಮರೆ ಶುರುವಾಗುವ ಬಾಯಿ ಈಗ ಕಣ್ಣಿಗೆ ಕಾಣುತ್ತದೆ. ಅಲ್ಲಿಗೆ ಇನ್ನೆರಡು ಹನಿ ಸ್ಪ್ರೇ ಬಿಟ್ಟು ಕಾಲು ಗಂಟೆ ಕಾಯಿರಿ. ಆಮೇಲೆ ಗ್ರಿಪ್ ಪ್ಲೇಯರ್‌ನಲ್ಲಿ (ಲಾಕ್ ಆಗುವ ಇಕ್ಕಳ) ಸ್ಕ್ರೂವನ್ನು ಕ್ಲಾಂಪ್‌ಗೆ ಆದಷ್ಟು ಹತ್ತಿರ ಕಚ್ಚಿಸಿ. ತುದಿಯಲ್ಲಿ ಹಿಡಿದರೆ ಸ್ಕ್ರೂ ಬಾಗುತ್ತದೆ. ಕಾಲು ಸುತ್ತು ಎಡಕ್ಕೆ, ಸ್ವಲ್ಪ ಬಲಕ್ಕೆ, ಮತ್ತೆ ಎಡಕ್ಕೆ. ಬಿಳಿ ಪುಡಿ ಹೊರಬರಲು ಶುರುವಾದರೆ ಸ್ಕ್ರೂ ಸಡಿಲಾಗುತ್ತಿದೆ ಎಂದು ಅರ್ಥ. ಒಂದೇ ಸಮ ಎಡಕ್ಕೆ ಜಗ್ಗಬೇಡಿ, ಕಟ್ ಆಗಿ ಒಳಗೇ ಉಳಿಯುತ್ತದೆ.

ಹಿಡಿಕೆ ಚೆನ್ನಾಗಿದ್ದರೆ?

ಹಿಡಿಕೆ ಒಳ್ಳೆಯದಿದ್ದು ಸ್ಕ್ರೂ ಮಾತ್ರ ಕೆಟ್ಟಿದ್ದರೆ ತಲೆಯನ್ನು ಡ್ರಿಲ್ ಮಾಡಿ ತೆಗೆಯಬೇಕು. ತಲೆಯ ಮಧ್ಯೆ ಸೆಂಟರ್ ಪಂಚ್‌ನಿಂದ ಚಿಕ್ಕ ಗುರುತು ಮಾಡಿ, ಸ್ಕ್ರೂ ಕಾಂಡದಷ್ಟೇ ದಪ್ಪದ ಬಿಟ್ ಹಾಕಿ ನಿಧಾನ ವೇಗದಲ್ಲಿ ಕೊರೆಯಿರಿ. ತಲೆ ಬಿಟ್‌ಗೆ ಸಿಕ್ಕಿ ಸುತ್ತಲು ಶುರುವಾದ ಕೂಡಲೇ ನಿಲ್ಲಿಸಿ. ಹಿಡಿಕೆ ಕೈಗೆ ಬರುತ್ತದೆ, ಉಳಿದ ಕಾಂಡವನ್ನು ಮೇಲೆ ಹೇಳಿದಂತೆ ಗ್ರಿಪ್ ಪ್ಲೇಯರ್‌ನಲ್ಲಿ ತೆಗೆಯಬಹುದು.

ಸ್ಕ್ರೂ ಕ್ಲಾಂಪ್ ಒಳಗೇ ಮುರಿದರೆ ಮನೆಯಲ್ಲಿ ಕೊರೆಯಲು ಹೋಗಬೇಡಿ. ಬಿಟ್ ಸ್ವಲ್ಪ ಓರೆಯಾದರೂ ಪಾತ್ರೆಯ ಗೋಡೆಗೆ ತಾಗುತ್ತದೆ. ಲೇತ್ ವರ್ಕ್‌ಶಾಪ್‌ನಲ್ಲಿ ನೇರವಾಗಿ ಕೊರೆದು ಹೊಸ ಮರೆ ಹಾಕಿಸಬಹುದು. ಪಾತ್ರೆಯನ್ನು ವೈಸ್‌ನಲ್ಲಿ ಬಿಗಿದು ಹಿಡಿಯಲು ಮಾತ್ರ ಬಿಡಬೇಡಿ. ಬಾಯಿ ಕೊಂಚ ಮೊಟ್ಟೆಯಾಕಾರ ಆದರೂ ಗ್ಯಾಸ್ಕೆಟ್ ಕೂರದೆ ಸುತ್ತಲೂ ಹಬೆ ಬಿಡುತ್ತದೆ.

ಹೊಸದು ಹಾಕುವಾಗ

ರಂಧ್ರದೊಳಗಿನ ಪುಡಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಪಾತ್ರೆಯನ್ನು ಸೋಪಿನಲ್ಲಿ ತೊಳೆಯಿರಿ. ಸ್ಪ್ರೇ ತಾಗಿದ್ದರಿಂದ ಒಮ್ಮೆ ನೀರು ಕುದಿಸಿ ಚೆಲ್ಲಿ. ಹಳೇ ಸ್ಕ್ರೂವನ್ನು ಅಂಗಡಿಗೆ ಒಯ್ದು ಅದೇ ದಪ್ಪ, ಅದೇ ಉದ್ದದ್ದನ್ನು ತನ್ನಿ. ಅಂಗಡಿಯವರೂ "ಇದೇ ಆಗುತ್ತೆ, ಹಾಕ್ಕೊಳ್ಳಿ" ಎಂದು ಕೊಡುವ ಮೊದಲು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ಒಳ್ಳೆಯದು. ಉದ್ದ ಜಾಸ್ತಿಯಾದರೆ ತುದಿ ಪಾತ್ರೆಯ ಗೋಡೆಗೆ ಒತ್ತುತ್ತದೆ, ಕಡಿಮೆಯಾದರೆ ಎರಡೇ ಮರೆ ಕಚ್ಚಿ ಮತ್ತೆ ಕಿತ್ತು ಬರುತ್ತದೆ.

ಮರೆಗೆ ಚೂರು ವ್ಯಾಸಲೀನ್ ಸವರಿ, ಮೊದಲ ಮೂರು ನಾಲ್ಕು ಸುತ್ತು ಬೆರಳಿನಿಂದಲೇ ಹಾಕಿ. ಬೆರಳಿಗೆ ಬರದಿದ್ದರೆ ಮರೆ ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಹಿಡಿಕೆ ಅಲುಗಾಡುವುದು ನಿಂತ ಮೇಲೆ ಕಾಲು ಸುತ್ತು ಸಾಕು. ಇನ್ನೂ ಬಿಗಿದರೆ ಹೊಸ ಬೇಕಲೈಟೂ ಸೀಳುತ್ತದೆ.

ಅಡುಗೆಗೆ ಇಡುವ ಮೊದಲು ಎರಡು ಲೋಟ ನೀರು ಹಾಕಿ ಒಂದು ವಿಸಲ್ ಕೂಗಿಸಿ, ಸ್ವಲ್ಪ ದೂರ ನಿಂತು ನೋಡಿ. ಕ್ಲಾಂಪ್ ಬುಡದಲ್ಲಿ ನೀರಿನ ಹನಿ, ಹಬೆ ಕಾಣಬಾರದು. ಒತ್ತಡ ಪೂರ್ತಿ ಇಳಿದು ತಣ್ಣಗಾದ ಮೇಲೆ ಸ್ಕ್ರೂ ಇನ್ನೊಮ್ಮೆ ಮುಟ್ಟಿ ನೋಡಿ, ಮೊದಲ ಬಿಸಿಗೆ ಸ್ವಲ್ಪ ಸಡಿಲಾಗುವುದು ಇದೆ.

ಕ್ಲಾಂಪೇ ಪಾತ್ರೆಯಿಂದ ಬಿಟ್ಟಿದ್ದರೆ, ಅದರ ಬುಡದಲ್ಲಿ ಬಿರುಕು ಅಥವಾ ಗುಳಿ ಬಿದ್ದಿದ್ದರೆ ಸ್ಕ್ರೂ ಬದಲಾಯಿಸಿ ಪ್ರಯೋಜನವಿಲ್ಲ. ಎಂ-ಸೀಲ್ ಮೆತ್ತುವುದು, ತಂತಿ ಬಿಗಿಯುವುದು ಒತ್ತಡದ ಪಾತ್ರೆಗೆ ಆಗದ ಕೆಲಸ. ಅಂಥ ಕುಕ್ಕರ್ ಗುಜರಿಗೆ ಹಾಕಿ. ಹೊಸದು ಕೊಳ್ಳುವಾಗ ತಳದಲ್ಲಿ ಅಥವಾ ಮೈಮೇಲೆ ಐಎಸ್ಐ ಗುರುತಿನ ಜೊತೆ ಐಎಸ್ 2347 ಎಂಬ ಸಂಖ್ಯೆ ಇದೆಯೇ ನೋಡಿ. ಮನೆಬಳಕೆಯ ಪ್ರೆಷರ್ ಕುಕ್ಕರ್‌ಗೆ ಇರುವ ಭಾರತೀಯ ಮಾನದಂಡ ಅದೇ.